ಒಂದು ಎಲೆಗೆ ಎಷ್ಟು ಬಿತ್ತು? ಕೇಟರಿಂಗ್ ಅಡುಗೆಮನೆಗೆ ಲೆಕ್ಕದ ಹಾಳೆ ಆರಿಸುವಾಗ

ಚಾಮರಾಜಪೇಟೆಯ ಒಂದು ಕೇಟರಿಂಗ್ ಅಡುಗೆಮನೆಯ ಲೆಕ್ಕಪತ್ರ ನೋಡಿಕೊಳ್ಳುವುದು ನನ್ನ ಕೆಲಸ. ಇದೇ ಕಸುಬಿನ ಗೆಳೆಯರು ಮೇಲಿಂದ ಮೇಲೆ ಕೇಳುವ ಪ್ರಶ್ನೆ ಒಂದಿದೆ: ಅಡುಗೆಯ ಖರ್ಚನ್ನು ನೋಟ್‌ಬುಕ್ಕಿನಲ್ಲೇ ಬರೆದುಕೊಂಡು ಹೋಗಬೇಕೆ, ಎಕ್ಸೆಲ್‌ಗೆ ಇಳಿಸಬೇಕೆ, ಅಥವಾ ತಿಂಗಳಿಗಿಷ್ಟು ಎಂದು ಹಣ ಕಟ್ಟಿ ಸಾಫ್ಟ್‌ವೇರ್ ತೆಗೆದುಕೊಳ್ಳಬೇಕೆ? ಮೂರನ್ನೂ ಬಳಸಿ ನೋಡಿದ್ದೇನೆ. ಎಕ್ಸೆಲ್ಲಿನಲ್ಲೇ ಎರಡು ಬಗೆಗಳಿರುವುದರಿಂದ ನಾಲ್ಕು ಎನ್ನಬೇಕು. ಯಾವುದು ಒಳ್ಳೆಯದು ಎನ್ನುವ ಮೊದಲು, ಹಾಳೆಯಿಂದ ನಮಗೆ ಬೇಕಾದದ್ದೇನು ಎಂಬುದನ್ನು ಒಂದು ಅಡುಗೆಯ ಮೇಲೆ ಪರೀಕ್ಷಿಸಿ ನೋಡೋಣ. ಅದಕ್ಕೆ ಬಿಸಿಬೇಳೆಬಾತನ್ನೇ ಆರಿಸಿದ್ದೇನೆ. ಧಾನ್ಯ, ತರಕಾರಿ, ತುಪ್ಪ, ನಾವೇ ಕುಟ್ಟಿಸುವ ಪುಡಿ ಎಲ್ಲವೂ ಒಂದೇ ಕೊಳಗದಲ್ಲಿ ಬೀಳುವ ಅಡುಗೆ ಅದು.

ನೂರು ಎಲೆಯ ಲೆಕ್ಕ

ಊಟದಲ್ಲಿ ಬೇರೆ ಬಗೆಗಳೂ ಇದ್ದಾಗ ಒಂದು ಎಲೆಗೆ ಸುಮಾರು 200 ಗ್ರಾಂ ಬಾತ್ ಸಾಕು. ನೂರು ಎಲೆಗೆ ನಮ್ಮಲ್ಲಿ ಅಕ್ಕಿ 3.5 ಕೆ.ಜಿ., ತೊಗರಿಬೇಳೆ 2 ಕೆ.ಜಿ., ಹೆಚ್ಚಿದ ಹುರುಳಿಕಾಯಿ 1.35 ಕೆ.ಜಿ., ಸಿಪ್ಪೆ ಹೆರೆದ ಕ್ಯಾರೆಟ್ 1.7 ಕೆ.ಜಿ., ಬಿಡಿಸಿದ ಬಟಾಣಿ 900 ಗ್ರಾಂ, ತುಪ್ಪ 700 ಗ್ರಾಂ, ಎಣ್ಣೆ ಮತ್ತು ಬಾತಿನ ಪುಡಿ ತಲಾ 600 ಗ್ರಾಂ, ಹುಣಸೆಹಣ್ಣು 400 ಗ್ರಾಂ, ಬೆಲ್ಲ 250 ಗ್ರಾಂ, ಗೋಡಂಬಿ 200 ಗ್ರಾಂ ಹೋಗುತ್ತದೆ. ಉಪ್ಪು, ಸಾಸಿವೆ, ಇಂಗು, ಕರಿಬೇವು ಸೇರಿ 36 ರೂಪಾಯಿ ಎಂದಿಟ್ಟುಕೊಳ್ಳೋಣ.

ದರಗಳನ್ನು ಉದಾಹರಣೆಗಾಗಿ ಹಾಕಿಕೊಂಡಿದ್ದೇನೆ. ನಿಮ್ಮ ಚೀಟಿಯಲ್ಲಿ ಬೇರೆ ಇರುತ್ತವೆ. ಅಕ್ಕಿ 60, ಬೇಳೆ 130, ಹುರುಳಿಕಾಯಿ 60, ಕ್ಯಾರೆಟ್ 50, ಬಟಾಣಿ ಕಾಯಿ 60, ತುಪ್ಪ 650, ಎಣ್ಣೆ 150, ಪುಡಿ 420, ಹುಣಸೆ 180, ಬೆಲ್ಲ 60, ಗೋಡಂಬಿ 900. ಎಲ್ಲ ಸೇರಿ 1,880 ರೂಪಾಯಿ, ಎಲೆಗೆ 18 ರೂಪಾಯಿ 80 ಪೈಸೆ. ಗ್ಯಾಸ್, ಕೂಲಿ, ವ್ಯಾನು ಇದರಲ್ಲಿಲ್ಲ. ಅವು ಅಡುಗೆಗೆ ಸೇರಿದ ಖರ್ಚಲ್ಲ, ಕಾರ್ಯಕ್ರಮಕ್ಕೆ ಸೇರಿದ್ದು. ಬೇರೆ ಕಡೆ ಬರೆಯುವುದು ವಾಸಿ.

ಮೇಲಿನ ತೂಕ, ದರಗಳನ್ನು ನೇರವಾಗಿ ಗುಣಿಸಿದವರಿಗೆ 1,880 ಬರುವುದಿಲ್ಲ, 1,790 ಬರುತ್ತದೆ. ಆ 90 ರೂಪಾಯಿ ಹೋದದ್ದು ಸಿಪ್ಪೆ ಬುಟ್ಟಿಗೆ. ನಾವು ತೂಗಿ ನೋಡಿದಾಗ ಒಂದು ಕೆ.ಜಿ. ಹುರುಳಿಕಾಯಿಯಲ್ಲಿ ತುದಿ, ನಾರು ತೆಗೆದ ಮೇಲೆ 900 ಗ್ರಾಂ ಉಳಿಯಿತು, ಕ್ಯಾರೆಟ್ಟಿನಲ್ಲಿ 850 ಗ್ರಾಂ, ಬಟಾಣಿಯಲ್ಲಿ ಬರೀ 450 ಗ್ರಾಂ. 900 ಗ್ರಾಂ ಕಾಳು ಬೇಕೆಂದರೆ ಎರಡು ಕೆ.ಜಿ. ಕಾಯಿ ತರಬೇಕು. ಭಟ್ಟರು ಹೇಳುವುದು ಕೊಳಗಕ್ಕೆ ಬೀಳುವ ತೂಕ. ಅಂಗಡಿಯವನು ಹಣ ಕೇಳುವುದು ಚೀಲದ ತೂಕಕ್ಕೆ. ಎರಡನ್ನೂ ಒಂದೇ ಅಂಕಣದಲ್ಲಿ ಬರೆದ ಹಾಳೆ ಮೊದಲ ದಿನದಿಂದಲೇ ಎಲೆಗೆ 90 ಪೈಸೆ ಸುಳ್ಳು ಹೇಳುತ್ತಿರುತ್ತದೆ.

ಮುನ್ನೂರೈವತ್ತಕ್ಕೆ ಏರಿಸಿದಾಗ

ಈಗ 350 ಎಲೆ ಎನ್ನಿ. ಎಲ್ಲವನ್ನೂ ಮೂರೂವರೆಯಿಂದ ಗುಣಿಸಿದರೆ 6,580 ರೂಪಾಯಿ. ಹಾಗೆ ಗುಣಿಸಿದ ಪಟ್ಟಿಯನ್ನು ಕೊಟ್ಟರೆ ನಮ್ಮ ಭಟ್ಟರು ಓದಿ, ಪುಡಿಯ ಸಾಲಿನ ಮೇಲೆ ಬೆರಳಿಟ್ಟು, "ಸ್ವಾಮಿ, ಇಷ್ಟು ಹಾಕಿದರೆ ಜನ ನೀರು ಕುಡಿದೇ ಹೊಟ್ಟೆ ತುಂಬಿಸಿಕೊಳ್ಳುತ್ತಾರೆ" ಎಂದು ಪಕ್ಕಕ್ಕಿಡುತ್ತಾರೆ. ಅವರು ಹೇಳುವುದು ಸರಿ. ದೊಡ್ಡ ಕೊಳಗದಲ್ಲಿ ನೀರು ಆವಿಯಾಗುವ ಪ್ರಮಾಣ ಕಡಿಮೆ, ಒಗ್ಗರಣೆಯ ಎಣ್ಣೆ ಪಾತ್ರೆಯ ತಳಕ್ಕೆ ಅಂಟಿ ಹೋಗುವ ಪಾಲೂ ಕಡಿಮೆ. ಅಕ್ಕಿ, ಬೇಳೆ, ತರಕಾರಿ ನೇರವಾಗಿ ಏರುತ್ತವೆ. ಎಣ್ಣೆ, ಪುಡಿ, ಹುಣಸೆ, ಉಪ್ಪು ಅಷ್ಟು ವೇಗವಾಗಿ ಏರುವುದಿಲ್ಲ.

ಇದನ್ನು ಹಾಳೆಗೆ ತಿಳಿಸಲು ಪ್ರತಿ ಸಾಮಾನಿಗೂ ಒಂದು 'ಏರಿಕೆ' ಅಂಕಿ ಕೊಟ್ಟರೆ ಸಾಕು. ನೇರವಾಗಿ ಏರುವುದಕ್ಕೆ 1. ನಮ್ಮಲ್ಲಿ ಎಣ್ಣೆಗೆ 0.7, ಪುಡಿಗೆ ಮತ್ತು ಹುಣಸೆಗೆ 0.9, ಉಪ್ಪು ಸಾಸಿವೆಗೆ 0.8. ನೂರರ ಮೇಲೆ ಎಷ್ಟು ಪಟ್ಟು ಹೆಚ್ಚಾಯಿತೋ ಅದನ್ನು ಈ ಅಂಕಿಯಿಂದ ತಗ್ಗಿಸಿ ಮೂಲಕ್ಕೆ ಕೂಡಿಸುವುದು. 350 ಎಂದರೆ ಎರಡೂವರೆ ಪಟ್ಟು ಹೆಚ್ಚಳ. ಎಣ್ಣೆಗೆ ಅದು 1.75 ಆಗಿ, ಮೂಲದ ಒಂದು ಸೇರಿ 2.75 ಪಟ್ಟು. ಹಾಗಾಗಿ 2.1 ಕೆ.ಜಿ. ಬದಲು 1.65 ಕೆ.ಜಿ. ಸಾಕು.

ಇಷ್ಟೆಲ್ಲ ಮಾಡಿದ ಮೇಲೆ ಖರ್ಚು 6,413 ರೂಪಾಯಿ 50 ಪೈಸೆಗೆ ಇಳಿಯುತ್ತದೆ, ಎಲೆಗೆ 18.32. ಉಳಿದದ್ದು 48 ಪೈಸೆ ಮಾತ್ರ. ಹಣದ ದೃಷ್ಟಿಯಿಂದ ಇದು ದೊಡ್ಡದಲ್ಲ. ಆದರೆ ಭಟ್ಟರು ಒಪ್ಪಿ ಬಳಸುವ ಪಟ್ಟಿ ಸಿಗುತ್ತದೆ. ಅವರು ಒಪ್ಪದ ಪಟ್ಟಿಯ ಮೇಲೆ ನಿಂತ ಲೆಕ್ಕ ಗೋಡೆಗೆ ಹಾಕಿದ ಕ್ಯಾಲೆಂಡರಿನಷ್ಟೇ ಉಪಯೋಗ.

ಹಣ ಹೋಗುವುದು ದರದಲ್ಲಿ. ಜನವರಿಯಲ್ಲಿ ದರ ಒಪ್ಪಿಕೊಂಡ ಮದುವೆ ಮೇ ತಿಂಗಳಲ್ಲಿ ನಡೆಯುತ್ತದೆ. ಬೇಸಿಗೆಯ ಮುಹೂರ್ತಗಳ ಹೊತ್ತಿಗೆ ಹುರುಳಿಕಾಯಿ 120, ಬಟಾಣಿ ಕಾಯಿ 100, ತುಪ್ಪ 720 ಆಯಿತೆನ್ನಿ. ಹುರುಳಿಕಾಯಿಯಿಂದ 315, ಬಟಾಣಿಯಿಂದ 280, ತುಪ್ಪದಿಂದ ಸುಮಾರು 172 ರೂಪಾಯಿ ಹೆಚ್ಚಿ ಒಟ್ಟು 7,180, ಎಲೆಗೆ 20.51 ಆಗುತ್ತದೆ. ಒಂದು ಬಗೆಯಲ್ಲೇ ಎರಡು ರೂಪಾಯಿ ಚಿಲ್ಲರೆ; ಎಲೆಯ ಮೇಲೆ ಹದಿನೆಂಟು ಬಗೆ ಇರುತ್ತದೆ. ತ್ಯಾಜ್ಯ ಲೆಕ್ಕವಿಲ್ಲದ ಹಾಳೆಯ ಸುಳ್ಳೂ ದರದ ಜೊತೆಗೆ ಬೆಳೆಯುತ್ತದೆ: ಮೊದಲು 90 ಪೈಸೆ ಇದ್ದದ್ದು ಈಗ 1 ರೂಪಾಯಿ 43 ಪೈಸೆ.

ಹಾಗಾಗಿ ನಾನು ಯಾವ ಹಾಳೆಯನ್ನಾದರೂ ಅಳೆಯುವುದು ನಾಲ್ಕು ಪ್ರಶ್ನೆಗಳಿಂದ. ದರ ಬದಲಾದರೆ ಎಷ್ಟು ಕಡೆ ತಿದ್ದಬೇಕು? ಕೊಳಗದ ತೂಕವನ್ನೂ ಚೀಲದ ತೂಕವನ್ನೂ ಬೇರೆ ಇಡುತ್ತದೆಯೇ? ಸಾಮಾನಿಗೊಂದು ಏರಿಕೆ ಕೊಡಲು ಬರುತ್ತದೆಯೇ? ಜನವರಿಯಲ್ಲಿ ಕೊಟ್ಟ ಕೊಟೇಶನ್ ಮೇ ತಿಂಗಳಲ್ಲೂ ಹಾಗೆಯೇ ಉಳಿಯುತ್ತದೆಯೇ? ಐದನೆಯದು ಹಾಳೆಗೆ ಕೇಳುವುದಲ್ಲ, ಮನೆಯವರಿಗೆ ಕೇಳುವುದು: ದಿನದ ದರವನ್ನು ಯಾರು ಬರೆಯುತ್ತಾರೆ?

ನೋಟ್‌ಬುಕ್

ಇದನ್ನು ಹಳೆಯ ಕಾಲದ್ದೆಂದು ತಳ್ಳಿಹಾಕುವುದು ನನಗೆ ಇಷ್ಟವಿಲ್ಲ. ತಿಂಗಳಿಗೆ ಎರಡು ಮೂರು ಕಾರ್ಯಕ್ರಮ, ಹತ್ತು ಹನ್ನೆರಡು ಬಗೆ, ಸಾಮಾನು ತರುವವರೂ ಲೆಕ್ಕ ಬರೆಯುವವರೂ ಒಬ್ಬರೇ ಆಗಿದ್ದರೆ ನೋಟ್‌ಬುಕ್ ಸಾಕು. ಹಳೆಯ ಪುಟ ತಾನಾಗಿ ಬದಲಾಗುವುದಿಲ್ಲ. ನಾಲ್ಕನೆಯ ಪ್ರಶ್ನೆಗೆ ಇದಕ್ಕಿಂತ ಗಟ್ಟಿ ಉತ್ತರವಿಲ್ಲ. ತೊಡಕು ಮೊದಲ ಪ್ರಶ್ನೆಯಲ್ಲಿ. ಪ್ರತಿ ಕಾರ್ಯಕ್ರಮಕ್ಕೂ ಎಲ್ಲ ದರವನ್ನೂ ಹೊಸದಾಗಿ ಬರೆದು ಗುಣಿಸಬೇಕಾಗುತ್ತದೆ, ಬೇಸರ ಬಂದ ದಿನ ಕಳೆದ ಪುಟದ ಮೊತ್ತವನ್ನೇ ಎತ್ತಿ ಬರೆಯುತ್ತೇವೆ.

ನೋಟ್‌ಬುಕ್ಕಿನಲ್ಲೇ ಇರುವುದಾದರೂ ಅಳತೆಯನ್ನು ಗ್ರಾಮಿಗೆ ತನ್ನಿ. ಸೇರು, ಪಾವು ಗಾತ್ರದ ಅಳತೆಗಳು. ಒಂದು ಪಾವು ಅಕ್ಕಿಯ ತೂಕವೂ ಒಂದು ಪಾವು ಪುಡಿಯ ತೂಕವೂ ಒಂದಲ್ಲ. ಭಟ್ಟರ ಪಾವಿನಲ್ಲೇ ತುಂಬಿಸಿ ಒಮ್ಮೆ ತೂಗಿ ಬರೆದಿಟ್ಟರೆ ಮುಂದೆ ಅವರ ಅಳತೆಯಲ್ಲೇ ಮಾತಾಡಬಹುದು, ನಮ್ಮ ಅಳತೆಯಲ್ಲೇ ಲೆಕ್ಕ ಹಾಕಬಹುದು. ಎಣ್ಣೆ ಡಬ್ಬದ ಮೇಲೆ 15 ಕೆ.ಜಿ. ಎಂದಿದೆಯೋ 15 ಲೀಟರ್ ಎಂದಿದೆಯೋ ನೋಡಿ. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಎರಡನ್ನೂ ಒಂದೇ ಎಂದುಕೊಂಡರೆ ಶೇ 9ರಷ್ಟು ವ್ಯತ್ಯಾಸ.

ಅಡುಗೆಗೊಂದು ಎಕ್ಸೆಲ್ ಹಾಳೆ

ಹೆಚ್ಚಿನವರ ಬಳಿ ಇರುವುದು ಇದೇ. ಬಿಸಿಬೇಳೆಬಾತಿಗೆ ಒಂದು ಹಾಳೆ, ಪಾಯಸಕ್ಕೆ ಒಂದು, ದರ ಆಯಾ ಹಾಳೆಯೊಳಗೇ. ನೋಡಲು ಅಚ್ಚುಕಟ್ಟು, ಗುಣಾಕಾರ ತಪ್ಪುವುದಿಲ್ಲ, ಹದಿನೈದು ಅಡುಗೆಯವರೆಗೆ ಅಡ್ಡಿಯಿಲ್ಲ. ಆಮೇಲೆ ಇದು ನೋಟ್‌ಬುಕ್ಕಿಗಿಂತ ಅಪಾಯಕಾರಿ, ಏಕೆಂದರೆ ಕಂಪ್ಯೂಟರಿನ ಅಂಕಿಯನ್ನು ಯಾರೂ ಅನುಮಾನಿಸುವುದಿಲ್ಲ.

2025ರ ಸೆಪ್ಟೆಂಬರ್ 22ರಂದು ತುಪ್ಪದ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿಯಿತು. ನಮ್ಮಲ್ಲಿ ಆಗ ತುಪ್ಪ ಇಪ್ಪತ್ತೆರಡು ಹಾಳೆಗಳಲ್ಲಿತ್ತು. ಹತ್ತೊಂಬತ್ತನ್ನು ತಿದ್ದಿದೆ. ಉಳಿದ ಮೂರು ಹಾಳೆಗಳು ದೀಪಾವಳಿಯವರೆಗೂ ಹಳೆಯ ದರದಲ್ಲೇ ಸಿಹಿ ಮಾಡುತ್ತಿದ್ದವು. ತೆರಿಗೆಯ ಮಾತು ಬಂದದ್ದರಿಂದ ಹೇಳಿಬಿಡುತ್ತೇನೆ: ಹೊರಾಂಗಣ ಕೇಟರಿಂಗ್‌ಗೆ ಶೇ 5ರ ದರದಲ್ಲಿ ಜಿಎಸ್‌ಟಿ ಕಟ್ಟುವವರಿಗೆ ಸಾಮಾನಿನ ಮೇಲೆ ಕೊಟ್ಟ ತೆರಿಗೆ ಹಿಂದಿರುಗಿ ಸಿಗುವುದಿಲ್ಲ. ಅಂಥವರು ತೆರಿಗೆ ಸೇರಿಸಿದ ದರವನ್ನೇ ಬರೆಯಬೇಕು.

ಒಂದೇ ದರಪಟ್ಟಿಗೆ ಜೋಡಿಸಿದ ಹಾಳೆ

ಇಲ್ಲಿ ದರಗಳಿಗೆಲ್ಲ ಒಂದೇ ಹಾಳೆ. ಅಡುಗೆಯ ಹಾಳೆಗಳು ಅಲ್ಲಿಂದ ದರ ಎತ್ತಿಕೊಳ್ಳುತ್ತವೆ. ತುಪ್ಪದ ದರ ಒಂದು ಕಡೆ ಬರೆದರೆ ಇಪ್ಪತ್ತೆರಡು ಕಡೆ ಬದಲಾಗುತ್ತದೆ. ಇದೇ ಇದರ ಕಷ್ಟ ಕೂಡ. ಮೇ ತಿಂಗಳ ದರ ಬರೆದ ಕೂಡಲೇ ಜನವರಿಯ ಕೊಟೇಶನ್ನೂ ಬದಲಾಗಿ, ನೀವು ಆಗ ಯಾವ ಲೆಕ್ಕದ ಮೇಲೆ ದರ ಒಪ್ಪಿದಿರಿ ಎಂಬುದೇ ಅಳಿಸಿಹೋಗುತ್ತದೆ. ಆದ್ದರಿಂದ ಹಳೆಯ ದರವನ್ನು ಅಳಿಸಿ ಹೊಸದನ್ನು ಬರೆಯಬಾರದು. ತಾರೀಖಿನೊಂದಿಗೆ ಕೆಳಗೆ ಹೊಸ ಸಾಲು ಸೇರಿಸುತ್ತಾ ಹೋಗಬೇಕು. 'ದರ' ಹಾಳೆಯಲ್ಲಿ ಮೂರೇ ಅಂಕಣ: ತಾರೀಖು, ಸಾಮಾನು, ಕೆ.ಜಿ.ಗೆ ದರ.

ಅಡುಗೆಯ ಹಾಳೆಯ ಮೇಲ್ಭಾಗದಲ್ಲಿ B1ರಲ್ಲಿ ಯಾವ ದಿನದ ದರ ಬೇಕು, B2ರಲ್ಲಿ ಎಷ್ಟು ಎಲೆಗೆ ಅಡುಗೆ, B3ರಲ್ಲಿ ಎಷ್ಟು ಎಲೆಗೆ ಬಿಲ್ಲು ಎಂದು ಬರೆಯಿರಿ. ಆರನೆಯ ಸಾಲಿನಿಂದ A ಸಾಮಾನು, B ನೂರು ಎಲೆಗೆ ಕೊಳಗದ ತೂಕ, C ಏರಿಕೆ, D ಉಳಿಯುವ ಪಾಲು (ಹುರುಳಿಕಾಯಿಗೆ 0.9, ಬಟಾಣಿಗೆ 0.45, ಅಕ್ಕಿಗೆ 1). ಮುಂದಿನ ನಾಲ್ಕು ಅಂಕಣ ತಾವೇ ತುಂಬುತ್ತವೆ:

```
E6: =B6*(1+($B$2/100-1)*C6)/D6
F6: =MAXIFS('ದರ'!A:A,'ದರ'!B:B,A6,'ದರ'!A:A,"<="&$B$1)
G6: =AVERAGEIFS('ದರ'!C:C,'ದರ'!B:B,A6,'ದರ'!A:A,F6)
H6: =E6*G6
ಎಲೆಗೆ: =SUM(H6:H30)/$B$3
```

E ತರಬೇಕಾದ ತೂಕ. F ಆ ದಿನದವರೆಗೆ ಕೊನೆಯ ಬಾರಿ ದರ ಬರೆದ ತಾರೀಖು, G ಆ ತಾರೀಖಿನ ದರ. F ಅಂಕಣವನ್ನು ಮುಚ್ಚಿಡಬೇಡಿ. ಬೇಳೆಯ ದರ ನಲವತ್ತು ದಿನ ಹಳೆಯದು ಎಂದು ಅದೇ ಹೇಳುವುದು. ಕೊಟೇಶನ್ ಕೊಟ್ಟ ಹಾಳೆಯ ಪ್ರತಿ ತೆಗೆದು B1ರಲ್ಲಿ ಅಂದಿನ ತಾರೀಖನ್ನು ಇಟ್ಟರೆ ಅದು ಎಂದಿಗೂ ಬದಲಾಗುವುದಿಲ್ಲ. ಇನ್ನೊಂದು ಪ್ರತಿಯಲ್ಲಿ ಇಂದಿನ ತಾರೀಖು ಹಾಕಿದರೆ ಈಗ ಎಷ್ಟು ಬೀಳುತ್ತದೆ ಎಂದು ಪಕ್ಕಪಕ್ಕದಲ್ಲೇ ಕಾಣುತ್ತದೆ.

B2 ಮತ್ತು B3 ಬೇರೆ ಬೇರೆ ಏಕೆಂದರೆ, 350 ಎಲೆಗೆ ಮಾತಾಡಿದರೂ ನಾವು 370ಕ್ಕೆ ಅಡುಗೆ ಮಾಡುತ್ತೇವೆ. ಖರ್ಚು 370ರದ್ದು, ಹಣ ಬರುವುದು 350ಕ್ಕೆ. ನಮ್ಮ ಬಾತಿನಲ್ಲಿ ಇದರಿಂದ ಎಲೆಗೆ ಸುಮಾರು ಒಂದು ರೂಪಾಯಿ ಏರುತ್ತದೆ, ಅಂದರೆ ಏರಿಕೆಯ ಅಂಕಿಗಳಿಂದ ಉಳಿಸಿದ 48 ಪೈಸೆಯ ಎರಡರಷ್ಟು.

ಬಾತಿನ ಪುಡಿಗೆ ಅಂಗಡಿಯ ದರವಿಲ್ಲ, ನಾವೇ ಕುಟ್ಟಿಸುತ್ತೇವೆ. ಅದಕ್ಕೂ ಇಂಥದೇ ಒಂದು ಹಾಳೆ ಮಾಡಿ, ಬ್ಯಾಡಗಿ ಮೆಣಸಿನಕಾಯಿ, ಕೊಬ್ಬರಿ, ಧನಿಯ ಎಲ್ಲ ಸೇರಿ ಕೆ.ಜಿ.ಗೆ ಎಷ್ಟು ಬಿತ್ತೋ ಅದನ್ನು ಪುಡಿ ಮಾಡಿಸಿದ ದಿನದ ತಾರೀಖಿನಲ್ಲಿ ದರಪಟ್ಟಿಗೆ ಬರೆಯಿರಿ. ಹುರಿದಾಗ, ಬೀಸಿದಾಗ ಕಡಿಮೆಯಾದ ತೂಕವನ್ನು ಬಿಟ್ಟು, ಕೈಗೆ ಬಂದ ಪುಡಿಯ ತೂಕದಿಂದಲೇ ಭಾಗಿಸಬೇಕು.

ಈ ಬಗೆಯ ಹಾಳೆಯಲ್ಲಿ ನಾನು ತಿಂದ ಪೆಟ್ಟೊಂದಿದೆ. ಮೊದಲ ಸಲ ಮಾಡಿದಾಗ ದರ ಸಿಗದ ಕಡೆ ಕೆಂಪು ದೋಷದ ಗುರುತು ಕಾಣುವುದು ಅಸಹ್ಯವೆಂದು `IFERROR(...,0)` ಹಾಕಿಬಿಟ್ಟಿದ್ದೆ. ದರಪಟ್ಟಿಯಲ್ಲಿ 'ತೊಗರಿಬೇಳೆ' ಎಂದಿತ್ತು, ಅಡುಗೆಯ ಹಾಳೆಯಲ್ಲಿ 'ತೊಗರಿ ಬೇಳೆ' ಎಂದಿತ್ತು. ನಡುವಿನ ಒಂದು ಖಾಲಿ ಜಾಗದಿಂದಾಗಿ ಹಾಳೆಗೆ ಅದು ಬೇರೆಯೇ ಸಾಮಾನು. ಬೇಳೆಯ ಖರ್ಚು ಸೊನ್ನೆಯಾಗಿ ಎಲೆಗೆ 2 ರೂಪಾಯಿ 60 ಪೈಸೆ ಕಡಿಮೆ ತೋರಿತು. 350 ಎಲೆಯ ಕೊಟೇಶನ್ ಹೊರಟೇ ಹೋಯಿತು, 910 ರೂಪಾಯಿ ನಮ್ಮ ಕೈಯಿಂದ. ಈಗ ಹೆಸರನ್ನು ಯಾರೂ ಬೆರಳಚ್ಚಿಸುವುದಿಲ್ಲ. ಡೇಟಾ ವ್ಯಾಲಿಡೇಶನ್ ಮೂಲಕ ಬಂದ ಪಟ್ಟಿಯಿಂದ ಆರಿಸುತ್ತಾರೆ. ಮೇಲಿನ ಸೂತ್ರಗಳಲ್ಲಿ ದರ ಸಿಗದಿದ್ದರೆ G ಅಂಕಣದಲ್ಲಿ `#DIV/0!` ಎಂದು ಬಂದು ಒಟ್ಟು ಮೊತ್ತವೂ ಕೆಡುತ್ತದೆ. ಕೆಡಲಿ ಬಿಡಿ, ಕೆಟ್ಟದ್ದು ಕಾಣಬೇಕು.

ಯಾವ ತಂತ್ರಾಂಶದಲ್ಲಿ ಎಂಬುದು ಸಣ್ಣ ಪ್ರಶ್ನೆ. ಕಲಾಸಿಪಾಳ್ಯದ ತರಕಾರಿ ಮಾರುಕಟ್ಟೆಗೋ ಯಶವಂತಪುರದ ಎಪಿಎಂಸಿಗೋ ಹೋದವರು ಅಲ್ಲಿಂದಲೇ ಮೊಬೈಲಿನಲ್ಲಿ ದರ ತುಂಬಬೇಕಿದ್ದರೆ ಗೂಗಲ್ ಶೀಟ್ಸ್ ಅನುಕೂಲ, ಹಣವೂ ಬೇಡ. ಒಬ್ಬರೇ ಒಂದೇ ಕಂಪ್ಯೂಟರಿನಲ್ಲಿ ಮಾಡುವುದಾದರೆ ಎಕ್ಸೆಲ್ ಅಥವಾ ಉಚಿತವಾದ ಲಿಬ್ರೆ ಆಫೀಸ್. ಆದರೆ ಎಕ್ಸೆಲ್ 2016ರಲ್ಲಿ `MAXIFS` ಇಲ್ಲ, 2019ರಿಂದ ಇದೆ. ಯಾವುದಾದರೂ ಸರಿ, ಕಡತವನ್ನು ವಾಟ್ಸ್ಆ್ಯಪಿನಲ್ಲಿ ಕಳಿಸಿಕೊಳ್ಳುವ ಅಭ್ಯಾಸ ಬೇಡ. ಎರಡು ವಾರದಲ್ಲಿ ಮೂರು ದರಪಟ್ಟಿಗಳಾಗುತ್ತವೆ, ಯಾವುದು ನಿಜವೆಂದು ಯಾರಿಗೂ ತಿಳಿಯುವುದಿಲ್ಲ.

ಸಿದ್ಧ ಸಾಫ್ಟ್‌ವೇರ್

ಮಾರಾಟಕ್ಕಿರುವ ಹೆಚ್ಚಿನವು ಹೋಟೆಲಿಗಾಗಿ ಮಾಡಿದವು. ಒಂದು ದೋಸೆ ಮಾರಿದರೆ ಇಷ್ಟು ಹಿಟ್ಟು ದಾಸ್ತಾನಿನಿಂದ ಕಳೆ ಎಂಬುದು ಅವುಗಳ ಜಾಣತನ. ದಿನವೂ ಅದೇ ಊಟ ಕಳಿಸುವ ಕಚೇರಿ ಕ್ಯಾಂಟೀನಿನ ಕೇಟರಿಂಗ್, ಎರಡು ಮೂರು ಅಡುಗೆಮನೆ, ಖರೀದಿ ಬಿಲ್ಲುಗಳನ್ನು ಹೇಗೂ ತುಂಬುವ ಗುಮಾಸ್ತರು ಇರುವ ಕಡೆ ಇವು ಬೆಲೆಗೆ ತಕ್ಕವು. ಬಿಲ್ಲು ತುಂಬಿದಾಗಲೇ ದರವೂ ಹೊಸದಾಗುತ್ತದೆ. ಮದುವೆಗೊಂದು ಪಟ್ಟಿ ಬದಲಾಗುವ ನಮ್ಮಂಥವರಿಗೆ ಅಷ್ಟು ಹೊಂದುವುದಿಲ್ಲ.

ತೋರಿಸಲು ಬಂದವರಿಗೆ ಬಣ್ಣದ ನಕ್ಷೆಗಳನ್ನು ಬಿಟ್ಟು ಈ ಬಾತನ್ನೇ ತುಂಬಿ ತೋರಿಸಿ ಎನ್ನಿ. ಬಟಾಣಿಗೆ ನೂರರಲ್ಲಿ 45 ಪಾಲು ಉಳಿಯುತ್ತದೆ ಎಂದು ಎಲ್ಲಿ ಬರೆಯುತ್ತಾರೆ? ಎಣ್ಣೆಯನ್ನು ಮಾತ್ರ ನಿಧಾನವಾಗಿ ಏರಿಸಲು ಬರುತ್ತದೆಯೇ? ನಾವು ನೋಡಿದ ಒಂದರಲ್ಲಿ ಮೊದಲನೆಯದಿತ್ತು, ಎರಡನೆಯದಿರಲಿಲ್ಲ. ಚಂದಾ ನಿಲ್ಲಿಸಿದ ದಿನ ನಮ್ಮ ಅಡುಗೆಗಳ ಪಟ್ಟಿಯನ್ನು ಎಕ್ಸೆಲ್ ಕಡತವಾಗಿ ಕೊಡುತ್ತಾರೆಯೇ ಎಂಬುದನ್ನು ಹಣ ಕಟ್ಟುವ ಮೊದಲೇ ಕೇಳಿ, ಇಳಿಸಿಕೊಂಡು ತೆರೆದು ನೋಡಿ.

ಯಾರಿಗೆ ಯಾವುದು

ಮನೆಯಿಂದಲೇ ಮೂವತ್ತು ನಲವತ್ತು ಜನಕ್ಕೆ ಊಟ ಕಳಿಸುವವರು ನೋಟ್‌ಬುಕ್ಕಿನಲ್ಲೇ ಇರಬಹುದು. ಚೀಲದ ತೂಕಕ್ಕೆ ಒಂದು ಅಂಕಣ ಹೆಚ್ಚು ಎಳೆದುಕೊಂಡರೆ ಆಯಿತು. ಅಡುಗೆಗೊಂದು ಹಾಳೆ ಈಗಾಗಲೇ ಇದ್ದವರು ಅದನ್ನು ಎಸೆಯಬೇಕಿಲ್ಲ. ಹೆಚ್ಚು ಹಣ ಹೋಗುವ ಹತ್ತು ಸಾಮಾನುಗಳನ್ನು ಮಾತ್ರ ದರಪಟ್ಟಿಗೆ ಜೋಡಿಸಿ, ಉಪ್ಪು ಸಾಸಿವೆ ಹಾಗೆಯೇ ಇರಲಿ. ನಮ್ಮ ಬಾತಿನಲ್ಲಿ ತುಪ್ಪ ಒಂದೇ ಖರ್ಚಿನ ಕಾಲುಭಾಗ. ತುಪ್ಪ, ಬೇಳೆ, ಪುಡಿ, ಅಕ್ಕಿ ನಾಲ್ಕೇ ಸೇರಿ ಅರ್ಧಕ್ಕಿಂತ ಹೆಚ್ಚು. ತಿಂಗಳಿಗೆ ಎಂಟು ಹತ್ತು ಕಾರ್ಯಕ್ರಮ ಇರುವವರಿಗೆ, ಮುಂಗಡವಾಗಿ ದರ ಒಪ್ಪುವವರಿಗೆ, ತಾರೀಖಿನ ದರಪಟ್ಟಿ ಇರುವ ಜೋಡಿಸಿದ ಹಾಳೆಯನ್ನೇ ನಾನು ಹೇಳುವುದು. ಆದರೆ ವಾರಕ್ಕೆ ಎರಡು ಸಲ ದರ ಬರೆಯುವ ಒಬ್ಬ ವ್ಯಕ್ತಿಯ ಹೆಸರನ್ನು ನೀವು ಹೇಳಲಾರಿರಾದರೆ ಅದನ್ನೂ ಶುರು ಮಾಡಬೇಡಿ. ಹಾಪ್‌ಕಾಮ್ಸ್ ದಿನದ ದರ ಪ್ರಕಟಿಸುತ್ತದೆ. ತರಕಾರಿಯ ಅಂದಾಜಿಗೆ ಅದನ್ನು ನೋಡಬಹುದು, ಹಾಳೆಗೆ ಮಾತ್ರ ನಿಮ್ಮ ಚೀಟಿಯಲ್ಲಿರುವುದನ್ನೇ ಬರೆಯಿರಿ.

ಏರಿಕೆಯ ಅಂಕಿಗಳನ್ನು ನನ್ನಿಂದ ಎತ್ತಿಕೊಳ್ಳಬೇಡಿ. ಮುಂದಿನ ದೊಡ್ಡ ಅಡುಗೆಯ ದಿನ ಪುಡಿಯ ಡಬ್ಬವನ್ನೂ ಎಣ್ಣೆಯ ಡಬ್ಬವನ್ನೂ ಒಲೆ ಹಚ್ಚುವ ಮೊದಲು ಒಮ್ಮೆ, ಇಳಿಸಿದ ಮೇಲೆ ಒಮ್ಮೆ ತೂಗಿ. ಭಟ್ಟರಿಗೆ ಮೊದಲೇ ಹೇಳಬೇಡಿ, ಕೈ ಅಳತೆ ಬಿಗಿಯಾಗುತ್ತದೆ. ನಮ್ಮಲ್ಲಿ ಪುಡಿಗೆ ನಾನು 0.8 ಎಂದು ಊಹಿಸಿದ್ದೆ. ಮೂರು ಮದುವೆಗಳಲ್ಲಿ ತೂಗಿದ ಮೇಲೆ 0.9 ಆಯಿತು.